ಎದ್ದು ನಿಂತ ತಕ್ಷಣ ತೊಡೆಸಂದಿನಲ್ಲಿ ಚಳುಕು: ಬಸುರಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಕಡೆ ಬಸುರಿಯರ ತಪಾಸಣೆಯಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ತೂಕ ನೋಡುವಾಗ, ಬಿಪಿ ಪಟ್ಟಿ ಕಟ್ಟುವಾಗ, ರಾತ್ರಿ ಫೋನಿನಲ್ಲಿ, ಒಮ್ಮೊಮ್ಮೆ ಆಶಾ ಕಾರ್ಯಕರ್ತೆಯ ಕೈಯಲ್ಲಿ ಕಳಿಸಿದ ಚೀಟಿಯಲ್ಲಿ ನನ್ನ ಮುಂದೆ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ಎಲ್ಲವೂ ಒಂದೇ ನೋವಿನ ಸುತ್ತ ಇವೆ. ಡಾಕ್ಟರುಗಳು ಅದನ್ನು ರೌಂಡ್ ಲಿಗಮೆಂಟ್ ನೋವು ಅನ್ನುತ್ತಾರೆ.

## ಮೊದಲು ತಿಳಿಯಬೇಕಾದ್ದು

ಅಕ್ಕಾ, ಕೂತಲ್ಲಿಂದ ಎದ್ದ ತಕ್ಷಣ ತೊಡೆಸಂದಿನಲ್ಲಿ ಚಳಕ್ ಅಂತ ಹಿಡಿಯುತ್ತೆ. ಮಗುವಿಗೆ ಏನಾದ್ರೂ ಆಗಿದ್ಯಾ?

ಏಳುವಾಗ ಬಂದು, ಕೆಲವು ಸೆಕೆಂಡು ಇದ್ದು, ನಿಂತಲ್ಲೇ ನಿಂತರೆ ಹೋಗಿಬಿಡುವ ನೋವಾದರೆ ಮಗುವಿಗೆ ಏನೂ ಆಗಿಲ್ಲ. ಆ ನೋವು ಮಗುವಿನದೂ ಅಲ್ಲ, ಮಗು ಇರುವ ಚೀಲದ್ದೂ ಅಲ್ಲ. ಗರ್ಭಕೋಶವನ್ನು ಎರಡೂ ಕಡೆಯಿಂದ ಹಿಡಿದಿರುವ ಹಗ್ಗದಂಥ ನಾರಿನದು.

ಗರ್ಭಕೋಶದ ಮೇಲಿನ ಎರಡು ಮೂಲೆಗಳಿಂದ ಒಂದೊಂದು ನಾರು ಹೊರಡುತ್ತದೆ. ಮುಂದಕ್ಕೆ ಇಳಿದು, ತೊಡೆಸಂದಿನ ಸಣ್ಣ ಓಣಿಯೊಳಗೆ ತೂರಿ, ಕೊನೆಗೆ ಜನನಾಂಗದ ಹೊರತುಟಿಯ ಹತ್ತಿರ ಹರಡಿಕೊಳ್ಳುತ್ತದೆ. ಈ ದಾರಿ ಗೊತ್ತಾದರೆ ನೋವು ಎಲ್ಲೆಲ್ಲಿ ಬರುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಕಿಬ್ಬೊಟ್ಟೆಯ ಪಕ್ಕ, ತೊಡೆಸಂದು, ಕೆಲವರಿಗೆ ಅದಕ್ಕಿಂತಲೂ ಕೆಳಗೆ. "ಅಲ್ಲೆಲ್ಲಾ ನೋವು ಅಂತ ಹೇಳೋಕೆ ನಾಚಿಕೆ ಆಯ್ತು" ಅಂತ ಎಷ್ಟೋ ಜನ ಎರಡು ತಿಂಗಳು ಸುಮ್ನಿರುತ್ತಾರೆ. ಸುಮ್ನಿರಬೇಡಿ, ಆ ನಾರು ಹೋಗುವ ದಾರಿಯೇ ಅದು.

ಬಸುರಿಗೆ ಮೊದಲು ಗರ್ಭಕೋಶದ ತೂಕ 60-70 ಗ್ರಾಂ ಅಷ್ಟೇ. ದಿನ ತುಂಬುವ ಹೊತ್ತಿಗೆ ಮಗು, ನೀರು, ಮಾಸು ಎಲ್ಲ ಬಿಟ್ಟು ಬರೀ ಕೋಶವೇ ಸುಮಾರು 1 ಕೆಜಿ ಆಗಿರುತ್ತದೆ. ಅದು ಬೆಳೆದ ಹಾಗೆಲ್ಲ ಈ ಎರಡು ನಾರುಗಳೂ ಉದ್ದವಾಗಬೇಕು, ದಪ್ಪವಾಗಬೇಕು. ಅವು ಆಗುತ್ತವೆ, ಆದರೆ ನಿಧಾನಕ್ಕೆ. ನಾವು ದಡಕ್ಕನೆ ಎದ್ದಾಗ ಒಂದೇ ಏಟಿಗೆ ಎಳೆದ ಹಾಗಾಗುತ್ತದೆ. ಆ ನಾರಿನಲ್ಲಿ ಮಾಂಸದ ಎಳೆಗಳೂ ಇವೆ. ಹಾಗಾಗಿ ಕಾಲಿನ ಮೀನಖಂಡ ಹಿಡಿದುಕೊಂಡ ಹಾಗೆ ಇದೂ ಒಂದು ಕ್ಷಣ ಹಿಡಿದುಕೊಂಡು ಬಿಡುತ್ತದೆ.

ಯಾವ ತಿಂಗಳಲ್ಲಿ ಶುರು ಆಗುತ್ತೆ? ಒಂಬತ್ತು ತಿಂಗಳೂ ಇರುತ್ತಾ?

ಹೆಚ್ಚಿನವರಿಗೆ ನಾಲ್ಕನೇ ತಿಂಗಳಿಂದ ಆರು-ಆರೂವರೆ ತಿಂಗಳವರೆಗೆ. ವಾರದ ಲೆಕ್ಕದಲ್ಲಿ 14ರಿಂದ 27. 12 ವಾರದ ಸುಮಾರಿಗೆ ಗರ್ಭಕೋಶ ಸೊಂಟದ ಎಲುಬಿನ ಬಟ್ಟಲಿನಿಂದ ಮೇಲೆ ಬರುತ್ತದೆ. 20 ವಾರಕ್ಕೆ ಹೊಕ್ಕಳ ಮಟ್ಟ ಮುಟ್ಟುತ್ತದೆ. ಈ ಎರಡು ತಿಂಗಳಲ್ಲಿ ನಾರಿನ ಮೇಲೆ ಎಳೆತ ಜಾಸ್ತಿ. ಕೊನೆಯ ಮೂರು ತಿಂಗಳಲ್ಲೂ ಆಗಾಗ ಬರಬಹುದು. ಆದರೆ ಏಳನೇ ತಿಂಗಳ ಮೇಲೆ ಮೊದಲ ಸಲ ಶುರುವಾದ ಕಿಬ್ಬೊಟ್ಟೆ ನೋವಿಗೆ ಈ ಹೆಸರನ್ನು ನೀವೇ ಇಟ್ಟುಕೊಳ್ಳಬೇಡಿ, ಒಮ್ಮೆ ತೋರಿಸಿ.

ನನಗಿನ್ನೂ ಎರಡು ತಿಂಗಳು. ಒಂದು ಕಡೆ ಕಿಬ್ಬೊಟ್ಟೆ ನೋವು. ಅತ್ತಿಗೆ "ನಂಗೂ ಹಂಗೇ ಇತ್ತು, ನಾರು ಎಳೆಯೋದು" ಅಂದ್ರು. ಹೌದಾ?

ಅತ್ತಿಗೆಯ ಮಾತು ಕೇಳಿ ಕೂರಬೇಡಿ. ಎರಡು ತಿಂಗಳಿಗೆ ಗರ್ಭಕೋಶ ಇನ್ನೂ ಕೆಳಗೇ ಇರುತ್ತದೆ, ನಾರನ್ನು ಎಳೆಯುವಷ್ಟು ದೊಡ್ಡದಾಗಿರುವುದಿಲ್ಲ. ಈ ಹೊತ್ತಿನಲ್ಲಿ ಒಂದೇ ಕಡೆ ನೋವು ಅಂದರೆ ಬಸುರು ಕೋಶದ ಒಳಗೆ ನಿಂತಿದೆಯಾ, ನಳಿಕೆಯಲ್ಲಿ ನಿಂತಿದೆಯಾ ಅನ್ನುವುದು ಮೊದಲು ಗೊತ್ತಾಗಬೇಕು. ಅದನ್ನು ಹೇಳುವುದು ಸ್ಕ್ಯಾನಿಂಗ್. ಇನ್ನೂ ಸ್ಕ್ಯಾನಿಂಗ್ ಆಗಿಲ್ಲದಿದ್ದರೆ ಇವತ್ತೇ ಹೋಗಿ. ನೋವಿನ ಜೊತೆ ಕಣ್ಣು ಕತ್ತಲೆ ಬಂದರೆ, ಬೆವರಿದರೆ, ಹೆಗಲ ತುದಿಯಲ್ಲಿ ನೋವು ಕಂಡರೆ ನಳಿಕೆ ಒಡೆದು ಹೊಟ್ಟೆಯೊಳಗೆ ರಕ್ತ ಹೋಗುತ್ತಿರಬಹುದು. ಹೊರಗೆ ಒಂದು ಹನಿ ರಕ್ತ ಕಾಣದೆಯೂ ಹೀಗಾಗುತ್ತದೆ. ಆಗ 108ಕ್ಕೆ ಫೋನ್ ಮಾಡಿ, ಒಬ್ಬರೇ ಬಸ್ಸು ಹತ್ತಬೇಡಿ.

ಬಲಗಡೆಯೇ ಜಾಸ್ತಿ ಬರುತ್ತೆ. ಬಲಗಡೆ ನೋವಾದ್ರೆ ಗಂಡು ಮಗು ಅಂತಾರೆ, ನಿಜಾನಾ?

ನಿಜ ಅಲ್ಲ. ದೊಡ್ಡ ಕರುಳಿನ ಕೊನೆಯ ಭಾಗ ಎಡಗಡೆ ಜಾಗ ಹಿಡಿದಿರುತ್ತದೆ. ಅದಕ್ಕೇ ಬೆಳೆಯುವ ಗರ್ಭಕೋಶ ಸಾಮಾನ್ಯವಾಗಿ ಬಲಕ್ಕೆ ಸ್ವಲ್ಪ ವಾಲಿ, ತಿರುಗಿಕೊಳ್ಳುತ್ತದೆ. ಬಲಗಡೆ ನೋವು ಜಾಸ್ತಿ ಕಾಣುವುದು ಅದರಿಂದ. ಹೆಣ್ಣು ಮಗು ಇದ್ದರೂ ಬಲಕ್ಕೇ ವಾಲುತ್ತದೆ. ಎಡಗಡೆ ಬಂದರೂ, ಎರಡೂ ಕಡೆ ಬಂದರೂ ತಪ್ಪೇನಿಲ್ಲ. ಆದರೆ ಬಲಗಡೆಯೇ ಅಪೆಂಡಿಕ್ಸೂ ಇದೆ. ಆ ಮಾತು ಮುಂದೆ ಬರುತ್ತದೆ.

## ಮನೆ, ತೋಟ, ನಿದ್ದೆ

ಅಡಿಕೆ ಸುಲಿಯೋಕೆ ಮೆಟ್ಟುಗತ್ತಿ ಮುಂದೆ ಕೂರ್ತೀನಿ. ಏಳುವಾಗ ಜೀವ ಹೋಗುತ್ತೆ. ಹೇಗೆ ಏಳಬೇಕು?

ತುಂಬಾ ಹೊತ್ತು ಬಗ್ಗಿ ಕೂತಾಗ ತೊಡೆ ಹೊಟ್ಟೆಯ ಹತ್ತಿರ ಮಡಚಿರುತ್ತದೆ, ನಾರು ಸಡಿಲವಾಗಿರುತ್ತದೆ. ಎದ್ದು ಸೊಂಟ ನೆಟ್ಟಗೆ ಮಾಡಿದ ತಕ್ಷಣ ಅದು ಪೂರ್ತಿ ಬಿಗಿಯುತ್ತದೆ. ಸಡಿಲದಿಂದ ಬಿಗಿಗೆ ಹೋಗುವ ಹೊತ್ತನ್ನು ಸ್ವಲ್ಪ ಉದ್ದ ಮಾಡಬೇಕು, ಉಪಾಯ ಅಷ್ಟೇ.

ಮೊದಲು ಕತ್ತಿಯನ್ನು ದೂರ ಸರಿಸಿ. ಇದನ್ನು ಯಾಕೆ ಹೇಳುತ್ತೇನೆ ಅಂದರೆ ಚಳುಕು ಬಂದಾಗ ಕೈ ತಾನಾಗಿಯೇ ಏನನ್ನಾದರೂ ಹಿಡಿಯಲು ಹೋಗುತ್ತದೆ. ಆಮೇಲೆ ಒಂದು ಮಗ್ಗುಲಿಗೆ ವಾಲಿ, ಎರಡೂ ಅಂಗೈ ನೆಲಕ್ಕೆ ಊರಿ, ಮಂಡಿಯ ಮೇಲೆ ಬನ್ನಿ. ಒಂದು ಪಾದವನ್ನು ಮುಂದಕ್ಕೆ ಇಡಿ. ಕಂಬವನ್ನೋ ಗೋಡೆಯನ್ನೋ ಗಟ್ಟಿ ಕುರ್ಚಿಯನ್ನೋ ಹಿಡಿದು, ಬಾಯಿಂದ ಉಸಿರು ಬಿಡುತ್ತಾ ಎದ್ದೇಳಿ. ಎದ್ದ ಮೇಲೂ ಒಮ್ಮೆಗೇ ನೆಟ್ಟಗಾಗಬೇಡಿ. ಸ್ವಲ್ಪ ಮುಂದಕ್ಕೆ ಬಾಗಿಯೇ ಮೂರು ಉಸಿರು ನಿಂತು, ಆಮೇಲೆ ಸೊಂಟ ನೇರ ಮಾಡಿ, ಆಮೇಲೆ ಹೆಜ್ಜೆ ಇಡಿ. ಅರ್ಧ ಗಂಟೆಗೊಮ್ಮೆ ಹೀಗೆ ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ, ಎರಡು ಗಂಟೆ ಕೂತು ಏಳುವಾಗ ಬರುವ ನೋವು ಬರುವುದಿಲ್ಲ.

ಅಷ್ಟಾದರೂ ಹಿಡಿದುಕೊಂಡರೆ ನೋವಿರುವ ಕಡೆಗೇ ಬಾಗಿ, ಆ ಕಡೆಯ ಮಂಡಿಯನ್ನು ಸ್ವಲ್ಪ ಮೇಲೆತ್ತಿ. ಪಾದವನ್ನು ಒಂದು ಮೆಟ್ಟಿಲ ಮೇಲೆ ಇಟ್ಟರೂ ಸರಿ. ನಾರು ಸಡಿಲ ಆಗುತ್ತದೆ, ನೋವು ಬಿಡುತ್ತದೆ. ನೋವಿನಿಂದ ದೂರಕ್ಕೆ ಬಾಗಿದರೆ ಇನ್ನೂ ಎಳೆಯುತ್ತದೆ. ಹೆಚ್ಚಿನವರು ಗಾಬರಿಯಲ್ಲಿ ಮಾಡುವುದು ಅದನ್ನೇ.

ರಾತ್ರಿ ಮಗ್ಗುಲು ಬದಲಿಸಿದಾಗ, ಸೀನಿದಾಗ ಕೂಗಿಕೊಳ್ಳೋ ಹಾಗಾಗುತ್ತೆ. ಏನು ಮಾಡ್ಲಿ?

ಸೀನು ಬರುತ್ತದೆ ಅಂತ ಗೊತ್ತಾದ ತಕ್ಷಣ ಸೊಂಟ, ಮಂಡಿ ಎರಡನ್ನೂ ಮಡಚಿ. ನಿಂತಿದ್ದರೆ ಸ್ವಲ್ಪ ಕುಕ್ಕರಿಸಿದ ಹಾಗೆ ಬಗ್ಗಿ, ಮಲಗಿದ್ದರೆ ಮಂಡಿ ಮೇಲಕ್ಕೆ ಎಳೆದುಕೊಳ್ಳಿ. ಕೆಮ್ಮಿಗೂ, ಜೋರು ನಗುವಿಗೂ ಇದೇ.

ಮಗ್ಗುಲು ಬದಲಿಸುವಾಗ ಮೊದಲು ಎರಡೂ ಮಂಡಿ ಮಡಚಿ, ಮಂಡಿ ಒತ್ತಟ್ಟಿಗೆ ಇಟ್ಟು, ಭುಜ-ಸೊಂಟ-ಮಂಡಿ ಮೂರನ್ನೂ ಒಟ್ಟಿಗೆ ಹೊರಳಿಸಿ. ಮೇಲಿನ ಅರ್ಧ ತಿರುಗಿ ಕೆಳಗಿನ ಅರ್ಧ ಅಲ್ಲೇ ಉಳಿದರೆ ನಾರು ತಿರುಚಿದ ಹಾಗಾಗುತ್ತದೆ. ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಚಿದ ಹಳೇ ಸೀರೆ ಇಟ್ಟುಕೊಳ್ಳಿ. ಹೊಟ್ಟೆಯ ಭಾರ ಜೋತು ಬೀಳುವುದು ತಪ್ಪುತ್ತದೆ.

ಶಾಖ ಕೊಡಬಹುದಾ? ಎಣ್ಣೆ ಹಚ್ಚಿ ತಿಕ್ಕಬಹುದಾ? ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ತಗೊಳ್ಳಲಾ?

ಶಾಖ ಕೊಡಬಹುದು, ಆದರೆ ಬೆಚ್ಚಗೆ. ಬಿಸಿನೀರಿನ ಬ್ಯಾಗಿಗೆ ಟವೆಲ್ ಸುತ್ತಿ ತೊಡೆಸಂದಿನ ಮೇಲೆ ಹತ್ತು ನಿಮಿಷ ಇಟ್ಟರೆ ಸಾಕು. ಹೊಟ್ಟೆಯ ಮೇಲೆ ಬೇಡ. ನಮ್ಮ ಕಡೆ ಹಂಡೆ ನೀರಿನ ಸ್ನಾನ ಅಂದರೆ ಮೈ ಕೆಂಪಾಗುವಷ್ಟು ಬಿಸಿ. ಬಾಣಂತಿಗೆ ಮಾಡಿದ ಹಾಗೆ ಬಸುರಿಗೆ ಆ ಬಿಸಿ ಬೇಡ. ಎಣ್ಣೆಯನ್ನು ಸೊಂಟಕ್ಕೆ, ತೊಡೆಗೆ ಮೃದುವಾಗಿ ಸವರಬಹುದು. ಕಿಬ್ಬೊಟ್ಟೆ ಒತ್ತಿ ತಿಕ್ಕುವುದು, "ಕೋಶ ಮೇಲೆತ್ತುತ್ತೇನೆ" ಅಂತ ಯಾರಾದರೂ ಕೈ ಹಾಕುವುದು ಖಂಡಿತಾ ಬೇಡ.

ಮಾತ್ರೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಕೆಲವು ಸೆಕೆಂಡಿನ ನೋವಿಗೆ ಮಾತ್ರೆ ಕೆಲಸ ಮಾಡುವ ಹೊತ್ತಿಗೆ ನೋವೇ ಇರುವುದಿಲ್ಲ. ದಿನವಿಡೀ ಬಂದು ಬಂದು ಆ ಜಾಗ ನೊಂದಿದ್ದರೆ ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಐಬುಪ್ರೊಫೇನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಬೇಡ. 20 ವಾರದ ನಂತರ ಇವು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರು ಕಡಿಮೆ ಮಾಡಬಲ್ಲವು. ಇಲ್ಲಿ ಒಂದು ಮೋಸ ಇದೆ. ಅಂಗಡಿಯಲ್ಲಿ "ಪ್ಯಾರಾಸಿಟಮಾಲೇ ಅಮ್ಮ" ಅಂತ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಅಸೆಕ್ಲೊಫೆನಾಕ್ ಕೂಡ ಸೇರಿರುತ್ತದೆ. ಮಾತ್ರೆಯ ಪಟ್ಟಿಯ ಹಿಂದೆ ಬರೆದಿರುವ ಎಲ್ಲ ಹೆಸರು ಓದಿಸಿ. ನೋವಿನ ಮುಲಾಮಿಗೂ ಇದೇ ಮಾತು.

ಹೊಟ್ಟೆಗೆ ಆಸರೆ ಕೊಡುವ ಬೆಲ್ಟ್ ಕೆಲವರಿಗೆ ಹಿತ ಕೊಡುತ್ತದೆ. ಅದು ಹೊಟ್ಟೆಯ ಕೆಳಗಿನಿಂದ ಎತ್ತಿ ಹಿಡಿಯಬೇಕು, ಹೊಟ್ಟೆಯನ್ನು ಬಿಗಿಯಬಾರದು. ನಿಂತು ಕೆಲಸ ಮಾಡುವಾಗ ಹಾಕಿ, ಕೂತಾಗ ಬಿಚ್ಚಿ.

ಕಾಫಿ ಹಣ್ಣು ಕುಯ್ಯೋಕೆ ಹೋಗ್ತಿದ್ದೀನಿ. ಬಿಡಬೇಕಾ?

ಈ ನೋವಿದೆ ಅಂತಲೇ ಬಿಡಬೇಕಿಲ್ಲ. ಕೆಲಸದ ರೀತಿ ಬದಲಾಗಬೇಕು. ಇಳಿಜಾರಿನಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ಕೈ ಚಾಚಿ ಕೊಂಬೆ ಬಗ್ಗಿಸುವುದು ಈ ನಾರಿಗೆ ಅತೀ ಕೆಟ್ಟ ಭಂಗಿ. ತುಂಬಿದ ಚೀಲ ಎತ್ತುವುದು, ಏಣಿ ಹತ್ತುವುದು ಬೇಡ. ಸಮ ನೆಲದ ಸಾಲು ಕೇಳಿಕೊಳ್ಳಿ, ಇಲ್ಲವಾದರೆ ಕಣದಲ್ಲಿ ಹಣ್ಣು ಆರಿಸುವ ಕೆಲಸ. ಕೇಳಲು ಹಿಂಜರಿಕೆ ಆಗುತ್ತದೆ ಅಂತ ಲೈನ್ ಮನೆಯ ಹೆಣ್ಣುಮಕ್ಕಳು ಹೇಳುತ್ತಾರೆ. ತಾಯಿ ಕಾರ್ಡಿನಲ್ಲಿ "ಭಾರ ಎತ್ತಬಾರದು" ಅಂತ ಡಾಕ್ಟರ ಕೈಯಲ್ಲಿ ಬರೆಸಿಕೊಂಡು ಹೋಗಿ. ಬರೆದದ್ದಕ್ಕೆ ಬೆಲೆ ಇರುತ್ತದೆ.

## ಇದು ಅದೇ ನೋವಾ, ಬೇರೆಯದಾ?

ಲಿಗಮೆಂಟ್ ನೋವೇ ಅಂತ ಹೇಗೆ ಗೊತ್ತಾಗುತ್ತೆ? ನೀವು ಫೋನಲ್ಲೇ ಹೇಗೆ ಹೇಳ್ತೀರಿ?

ಫೋನಿನಲ್ಲಿ "ಇದು ಅದೇ" ಅಂತ ನಾನು ಈಗ ಹೇಳುವುದಿಲ್ಲ. "ಬೆಳಗ್ಗೆವರೆಗೆ ಕಾಯಬಹುದು" ಅಥವಾ "ಈಗಲೇ ಹೊರಡಿ" ಅಂತ ಮಾತ್ರ ಹೇಳುತ್ತೇನೆ. ಅದಕ್ಕೆ ನಾನು ಕೇಳುವುದು ಏನು ಅನ್ನುವುದನ್ನು ಒಬ್ಬರ ಕತೆಯಲ್ಲೇ ಹೇಳುತ್ತೇನೆ.

ಕೊಪ್ಪದ ಕಡೆಯ ಹುಡುಗಿ. ಮೊದಲ ಬಸುರು, 22 ವಾರ. ರಾತ್ರಿ ಹತ್ತು ಗಂಟೆಗೆ ಅವಳ ಗಂಡ ಫೋನ್ ಮಾಡಿ ಅವಳ ಕೈಗೆ ಕೊಟ್ಟ. "ಯಾವಾಗ ಬಂತು?" ಅಂದೆ. ಅಡಿಕೆ ಸುಲಿದು ಏಳುವಾಗ. "ಎಷ್ಟು ಹೊತ್ತು ಇತ್ತು?" ತುಂಬಾ ಹೊತ್ತು ಅಂದಳು. ನೋವಿನಲ್ಲಿ ಎಲ್ಲವೂ ತುಂಬಾ ಹೊತ್ತೇ. ಒಮ್ಮೆ ಎದ್ದು ನೋಡು, ನೋವು ಬಂದರೆ ಬಾಯಲ್ಲಿ ಒಂದು, ಎರಡು ಅಂತ ಎಣಿಸು ಅಂದೆ. ಎಂಟಕ್ಕೆ ನಿಂತಿತು. "ಒಂದು ಬೆರಳಿನಲ್ಲಿ ತೋರಿಸೋಕೆ ಆಗುತ್ತಾ?" ಆಗುತ್ತೆ, ಬಲ ತೊಡೆಸಂದು ಅಂದಳು. "ಇವತ್ತು ಇನ್ಯಾವಾಗ ಬಂತು?" ಮಧ್ಯಾಹ್ನ ಸೀನಿದಾಗ, ಸಂಜೆ ಜೀಪಿನಿಂದ ಇಳಿದಾಗ. ಎಲ್ಲ ಸಲವೂ ಒಂದು ಚಲನೆ ಇತ್ತು. ನಡುವೆ ಏನೂ ಇರಲಿಲ್ಲ.

ಆಮೇಲೆ ಉಳಿದದ್ದು ಕೇಳಿದೆ. ರಕ್ತ ಇಲ್ಲ, ನೀರು ಹೋಗಿಲ್ಲ. ಉರಿಮೂತ್ರ ಇಲ್ಲ, ಜ್ವರ ಇಲ್ಲ. ರಾತ್ರಿ ಎರಡು ಅಕ್ಕಿರೊಟ್ಟಿ ತಿಂದಿದ್ದಾಳೆ, ವಾಂತಿ ಇಲ್ಲ. ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಮೆತ್ತಗಿದೆ. ಮಗು ಆಡುತ್ತಿದೆ. ಎಡಮಗ್ಗುಲಾಗಿ ಮಂಡಿ ಮಡಚಿ ಅರ್ಧ ಗಂಟೆ ಮಲಗು, ಆಮೇಲೆ ಫೋನ್ ಮಾಡು ಅಂದೆ. ಅರ್ಧ ಗಂಟೆಯಲ್ಲಿ ಒಂದು ಸಲವೂ ಬರಲಿಲ್ಲ. ಬೆಳಗ್ಗೆ ಬಂದಳು. ಬಿಪಿ, ಮೂತ್ರ, ಮಗುವಿನ ಎದೆಬಡಿತ ನೋಡಿದೆವು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಲಿಗಮೆಂಟ್ ನೋವು ಅಂದರು.

ಇದರಲ್ಲಿ ತೂಕ ಇರುವ ಮಾತು ಯಾವುದು ಅಂದರೆ, ಪ್ರತಿ ಸಲದ ನೋವಿಗೂ ಒಂದು ಚಲನೆ ಕಾರಣವಾಗಿತ್ತು ಮತ್ತು ಚಲನೆ ನಿಂತ ಮೇಲೆ ನೋವೂ ನಿಂತಿತು. ಈ ಎರಡರ ಸಂಬಂಧ ಕಡಿದುಹೋದರೆ, ಅಂದರೆ ಸುಮ್ನೆ ಮಲಗಿದ್ದಾಗಲೂ ನೋವು ಇದ್ದರೆ, ನಾನು ಲಿಗಮೆಂಟಿನ ಹೆಸರು ಎತ್ತುವುದಿಲ್ಲ.

ಕೆಮ್ಮಿದ್ರೆ ನೋವು, ಎದ್ರೆ ನೋವು. ಆದ್ರೆ ಮಲಗಿದ್ರೂ ಹೋಗ್ತಿಲ್ಲ. ಇದೂ ಅದೇನಾ?

ಅಲ್ಲ ಅಂದುಕೊಂಡೇ ಹೊರಡಿ. ಇದನ್ನು ನಾನು ಒಂದು ತಪ್ಪಿನಿಂದ ಕಲಿತೆ.

ಹಲವು ವರ್ಷದ ಹಿಂದೆ 24 ವಾರದ ಒಬ್ಬಳು ಫೋನ್ ಮಾಡಿದಳು. ಬಲಗಡೆ ನೋವು, ಕೆಮ್ಮಿದರೆ ಜಾಸ್ತಿ ಅಂದಳು. ಕೆಮ್ಮಿದರೆ ಜಾಸ್ತಿ ಅಂದ ತಕ್ಷಣ ನಾನು "ಲಿಗಮೆಂಟ್ ಇರಬೇಕು, ಮಲಗು" ಅಂದುಬಿಟ್ಟೆ. ಕೇಳಬೇಕಾದ್ದು ಕೇಳಲಿಲ್ಲ. ನೋವು ಶುರುವಾದದ್ದು ಹಿಂದಿನ ಸಂಜೆ, ಹೊಕ್ಕಳ ಸುತ್ತ. ರಾತ್ರಿಯಿಡೀ ಇತ್ತು. ಬೆಳಗ್ಗೆ ಬಲಕ್ಕೆ ಸರಿಯಿತು. ಊಟ ಸೇರಿರಲಿಲ್ಲ, ಒಮ್ಮೆ ವಾಂತಿಯೂ ಆಗಿತ್ತು. ಮಧ್ಯಾಹ್ನ ಅವಳ ಅಮ್ಮ ಕಾಯದೆ ಜೀಪು ಮಾಡಿಸಿ ಕರೆದುಕೊಂಡು ಬಂದರು. ಗುಂಡಿ ಬಿದ್ದ ರಸ್ತೆಯಲ್ಲಿ ಪ್ರತಿ ಕುಲುಕಿಗೂ ಅವಳು ಹೊಟ್ಟೆ ಹಿಡಿದುಕೊಂಡಿದ್ದಳಂತೆ. ಅಪೆಂಡಿಕ್ಸ್ ಊದಿತ್ತು. ಅವತ್ತೇ ಜಿಲ್ಲಾ ಕೇಂದ್ರಕ್ಕೆ ಕಳಿಸಿ ಆಪರೇಶನ್ ಆಯಿತು. ತಾಯಿ, ಮಗು ಇಬ್ಬರೂ ಉಳಿದರು. ಆ ಅಮ್ಮ ನನ್ನ ಮಾತು ಕೇಳಿ ಸಂಜೆವರೆಗೆ ಕಾದಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಯೋಚಿಸುತ್ತೇನೆ.

ಕೆಮ್ಮಿದಾಗ ಎರಡೂ ನೋಯುತ್ತವೆ. ವ್ಯತ್ಯಾಸ ಕೆಮ್ಮು ನಿಂತ ಮೇಲೆ ಗೊತ್ತಾಗುತ್ತದೆ. ಲಿಗಮೆಂಟ್ ನೋವು ಸೊನ್ನೆಗೆ ಇಳಿಯುತ್ತದೆ. ಅಪೆಂಡಿಕ್ಸ್ ನೋವು ಕಡಿಮೆಯಾದರೂ ಸೊನ್ನೆ ಆಗುವುದಿಲ್ಲ, ಗಂಟೆ ಗಂಟೆಗೂ ಏರುತ್ತದೆ. ಹಸಿವು ಸತ್ತುಹೋಗುತ್ತದೆ. ಬಸುರಿಯಲ್ಲಿ ಇನ್ನೊಂದು ತೊಡಕಿದೆ. ಬೆಳೆಯುವ ಗರ್ಭಕೋಶ ಅಪೆಂಡಿಕ್ಸನ್ನು ಮೇಲಕ್ಕೆ ತಳ್ಳಬಹುದು, ಆಗ ನೋವು ಹೊಕ್ಕಳ ಮಟ್ಟದಲ್ಲೋ ಪಕ್ಕೆಯ ಹತ್ತಿರವೋ ಕಾಣಬಹುದು. ಜ್ವರ ಮೊದಲಿಗೆ ಇಲ್ಲದಿರಬಹುದು. ಹಾಗಾಗಿ "ಜ್ವರ ಇಲ್ಲವಲ್ಲ" ಅಂತ ಕಾಯಬೇಡಿ. ಅಂಡಾಶಯ ತಿರುಚಿಕೊಂಡರೂ ಹೀಗೇ ಒಂದು ಕಡೆ ತಡೆಯಲಾರದ ನೋವು, ವಾಂತಿ ಬರುತ್ತದೆ. ಅದಕ್ಕೂ ತಡಮಾಡುವ ಹಾಗಿಲ್ಲ.

ಹೊಟ್ಟೆ ಗಟ್ಟಿ ಆಗುತ್ತೆ, ಆಮೇಲೆ ಸಡಿಲ ಆಗುತ್ತೆ. ಇದು ನಾರಿನ ನೋವಾ, ಹೆರಿಗೆ ನೋವಾ?

ನಾರಿನ ನೋವಿಗೆ ಹೊಟ್ಟೆ ಗಟ್ಟಿಯಾಗುವುದಿಲ್ಲ. ನೋವು ಬಂದಾಗ ಅಂಗೈಯನ್ನು ಹೊಕ್ಕಳ ಮೇಲೆ ಇಡಿ. ಇಡೀ ಹೊಟ್ಟೆ ಹಣೆ ಮುಟ್ಟಿದ ಹಾಗೆ ಗಟ್ಟಿಯಾಗಿ, ಆಮೇಲೆ ಮೂಗಿನ ತುದಿಯ ಹಾಗೆ ಮೆತ್ತಗಾದರೆ ಗರ್ಭಕೋಶ ಹಿಂಡುತ್ತಿದೆ ಅಂತ ಅರ್ಥ. ಅದೂ ಆಗಾಗ ಒಂದೊಂದು ಬರುವುದು ಸಹಜ. ನೀರು ಕುಡಿದು, ಮೂತ್ರಕ್ಕೆ ಹೋಗಿ ಬಂದು, ಎಡಮಗ್ಗುಲಾಗಿ ಮಲಗಿ ಗಡಿಯಾರ ನೋಡಿ. ಒಂದು ಗಂಟೆಯಲ್ಲಿ ನಾಲ್ಕು ಸಲ ಅಥವಾ ಅದಕ್ಕಿಂತ ಜಾಸ್ತಿ ಬಂದರೆ, 37 ವಾರ ಇನ್ನೂ ಆಗಿಲ್ಲವಾದರೆ, ಅವತ್ತೇ ಆಸ್ಪತ್ರೆಗೆ ಬನ್ನಿ. ಅವಧಿಗೆ ಮುಂಚೆ ಹೆರಿಗೆ ಶುರುವಾಗುವಾಗ ಎಲ್ಲರಿಗೂ ಜೋರು ನೋವು ಬರುವುದಿಲ್ಲ. ಮುಟ್ಟಿನ ದಿನದ ಹಾಗೆ ಮಂದ ನೋವು, ಸೊಂಟ ಜಗ್ಗಿದ ಹಾಗೆ, ಕೆಳಗೆ ಭಾರ ಒತ್ತಿದ ಹಾಗೆ, ಬಿಳಿಸೆರಗು ಒಮ್ಮೆಗೇ ನೀರಾಗಿ ಜಾಸ್ತಿಯಾದ ಹಾಗೆ ಇರಬಹುದು.

ಗಟ್ಟಿಯಾದ ಹೊಟ್ಟೆ ಸಡಿಲವೇ ಆಗದೆ ಹಲಗೆಯ ಹಾಗೆ ಉಳಿದು, ನೋವು ಬಿಡದೇ ಇದ್ದರೆ ಅದು ಬೇರೆಯೇ ಅಪಾಯ. ಮಾಸು ಹೆರಿಗೆಗೆ ಮುಂಚೆಯೇ ಬಿಟ್ಟುಕೊಂಡಿರಬಹುದು. ರಕ್ತ ಒಳಗೇ ಸೇರಿಕೊಂಡು ಹೊರಗೆ ಕಾಣದೆಯೂ ಇರಬಹುದು. ಆಗ ಗಂಟೆ ಎಣಿಸಬೇಡಿ. ಬಿಪಿ ಇರುವವರು, ಬಿದ್ದು ಹೊಟ್ಟೆಗೆ ಏಟು ಮಾಡಿಕೊಂಡವರು ಇದನ್ನು ಮರೆಯಬಾರದು.

ಉರಿಮೂತ್ರ ಇದೆ, ಕಿಬ್ಬೊಟ್ಟೆಯೂ ನೋವು. ಬಾರ್ಲಿ ನೀರು ಕುಡಿದ್ರೆ ಸಾಕಾ?

ಸಾಕಾಗುವುದಿಲ್ಲ. ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಇದ್ದರೆ ಬಸುರಿಗೆ ಹೊಂದುವ ಮಾತ್ರೆ ಪೂರ್ತಿ ತೆಗೆದುಕೊಳ್ಳಿ. ಬಿಟ್ಟರೆ ಸೋಂಕು ಮೂತ್ರಪಿಂಡಕ್ಕೆ ಏರುತ್ತದೆ, ಅವಧಿಗೆ ಮುಂಚೆ ನೋವು ಶುರುವಾಗಬಹುದು. ಚಳಿಜ್ವರ, ಬೆನ್ನಿನ ಒಂದು ಪಕ್ಕ ಮುಟ್ಟಿದರೆ ನೋವು ಅಂದರೆ ಈಗಾಗಲೇ ಏರಿದೆ ಅಂತ ತಿಳಿದು ಹೊರಡಿ.

ನಮ್ಮೂರಿಂದ ಆಸ್ಪತ್ರೆ ದೂರ. ರಾತ್ರಿ ಹೊತ್ತು ಯಾವುದಕ್ಕೆ ಹೊರಡಬೇಕು, ಯಾವುದಕ್ಕೆ ಕಾಯಬಹುದು?

ರಕ್ತ ಹೋದರೆ ಹೊರಡಿ, ನೋವು ಇರಲಿ ಇಲ್ಲದಿರಲಿ. ನೀರು ತೊಟ್ಟಿಕ್ಕಿದರೆ, ಹರಿದರೆ ಹೊರಡಿ. ನೋವು ಅರ್ಧ ಗಂಟೆ ಮಲಗಿದರೂ ಬಿಡದಿದ್ದರೆ, ಜೊತೆಗೆ ಜ್ವರವೋ ವಾಂತಿಯೋ ತಲೆಸುತ್ತಿ ಬೀಳುವುದೋ ಇದ್ದರೆ ಹೊರಡಿ. 28 ವಾರ ದಾಟಿದವರಿಗೆ ಮಗುವಿನ ಆಟ ಮೊದಲಿಗಿಂತ ಕಡಿಮೆ ಅನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ತೊಡೆಸಂದಿನಲ್ಲಲ್ಲ, ಎದೆಗೂಡಿನ ಕೆಳಗೆ ನೋವು, ಬಿಡದ ತಲೆನೋವು, ಕಣ್ಣಮುಂದೆ ಮಿಂಚು ಕಂಡರೆ ಅದು ಬಿಪಿಯ ಅಪಾಯ, ಆಗಲೂ ಹೊರಡಿ.

ಚಲನೆಗೆ ಮಾತ್ರ ಬಂದು, ಸೆಕೆಂಡುಗಳಲ್ಲಿ ಹೋಗಿ, ಮೇಲಿನ ಯಾವುದೂ ಜೊತೆಗಿಲ್ಲದಿದ್ದರೆ ಮರುದಿನ ಬಂದರೆ ಸಾಕು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ, ಆ ದಿನ ಹತ್ತಿರ ಇದ್ದರೆ ಅಲ್ಲಿಯೂ ಹೇಳಬಹುದು.

ಮಲೆನಾಡಿನವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಲೆಕ್ಕ ಬೇರೆ. ಮರ ಬಿದ್ದು ರಸ್ತೆ ಮುಚ್ಚುತ್ತದೆ, ಕರೆಂಟ್ ಹೋದರೆ ನೆಟ್‌ವರ್ಕ್ ಹೋಗುತ್ತದೆ, 108ಕ್ಕೆ ಫೋನೇ ತಾಗದಿರಬಹುದು. ಆ ತಿಂಗಳುಗಳಲ್ಲಿ ಅನುಮಾನ ಬಂದರೆ ಹಗಲಿನಲ್ಲೇ ಹೊರಡಿ. ಊರಿನಲ್ಲಿ ಜೀಪು ಇರುವವರ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇರಲಿ.

## ಇನ್ನೂ ಒಳಗಿನ ಪ್ರಶ್ನೆಗಳು

ಸ್ಕ್ಯಾನಿಂಗ್ ನಾರ್ಮಲ್ ಅಂದ್ರು. ಮತ್ತೆ ನೋವು ಯಾಕೆ? ಲಿಗಮೆಂಟ್ ನೋಡೋ ಟೆಸ್ಟ್ ಇಲ್ವಾ?

ಇಲ್ಲ. ಎಳೆದ ನಾರು ಸ್ಕ್ಯಾನಿಂಗಿನಲ್ಲಿ "ಇಲ್ಲಿ ನೋವಿದೆ" ಅಂತ ತೋರಿಸುವುದಿಲ್ಲ. ರಕ್ತಪರೀಕ್ಷೆಯಲ್ಲೂ ಸಿಗುವುದಿಲ್ಲ. ಡಾಕ್ಟರು ನಿಮ್ಮ ಮಾತು ಕೇಳಿ, ಹೊಟ್ಟೆ ಮುಟ್ಟಿ, ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ಉಳಿದದ್ದಕ್ಕೆ ಈ ಹೆಸರು ಇಡುತ್ತಾರೆ. ಅದಕ್ಕೇ ನೀವು ಹೇಳುವ ವಿವರಕ್ಕೆ ಅಷ್ಟು ಬೆಲೆ. "ಹೊಟ್ಟೆ ನೋವು" ಅಂದರೆ ಏನೂ ಗೊತ್ತಾಗುವುದಿಲ್ಲ. ಎರಡು ದಿನ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ: ಎಷ್ಟು ಗಂಟೆಗೆ, ಏನು ಮಾಡುವಾಗ, ಎಣಿಸಿದಾಗ ಎಷ್ಟಕ್ಕೆ ನಿಂತಿತು. ಹಾಸನದ ಹತ್ತಿರದ ಒಬ್ಬರು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದು ತಂದಿದ್ದರು. ಡಾಕ್ಟರು ಅದನ್ನು ಎರಡು ನಿಮಿಷ ಓದಿ ಅರ್ಧ ಪ್ರಶ್ನೆ ಬಿಟ್ಟೇಬಿಟ್ಟರು.

ಇನ್ನೊಂದು ಮಾತು. ಒಮ್ಮೆ ಈ ಹೆಸರು ಇಟ್ಟರು ಅಂತ ಮುಂದಿನ ಎಲ್ಲ ನೋವೂ ಅದೇ ಆಗುವುದಿಲ್ಲ. ನೋವಿನ ರೀತಿ ಬದಲಾದರೆ ಮತ್ತೆ ಮೊದಲಿಂದ ನೋಡಿಸಿ.

ನಿಂತಾಗ ತೊಡೆಸಂದಿನಲ್ಲಿ ಗಂಟು ಹಾಗೆ ಉಬ್ಬುತ್ತೆ, ಮಲಗಿದ್ರೆ ಹೋಗುತ್ತೆ. ಹರ್ನಿಯಾನಾ?

ಇರಬಹುದು. ಆದರೆ ಬಸುರಿಯಲ್ಲಿ ಇದೇ ಲಿಗಮೆಂಟಿನ ಜೊತೆ ಓಡುವ ರಕ್ತನಾಳಗಳು ಉಬ್ಬಿಕೊಂಡು ಥೇಟ್ ಹರ್ನಿಯಾದ ಹಾಗೇ ಕಾಣಬಹುದು. ಕೈಯಲ್ಲಿ ಮುಟ್ಟಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಡಾಪ್ಲರ್ ಸ್ಕ್ಯಾನಿಂಗ್ ಮಾಡಿದರೆ ಗೊತ್ತಾಗುತ್ತದೆ, ಅದರಲ್ಲಿ ರಕ್ತ ಹರಿಯುವುದು ಕಾಣುತ್ತದೆ. ಆಪರೇಶನ್ ಅಂತ ಯಾರಾದರೂ ಹೇಳಿದರೆ ಮೊದಲು ಈ ಸ್ಕ್ಯಾನಿಂಗ್ ಆಗಿದೆಯಾ ಅಂತ ಕೇಳಿ. ಉಬ್ಬಿದ ರಕ್ತನಾಳಗಳು ಹೆರಿಗೆಯಾದ ಮೇಲೆ ತಾವಾಗಿ ಇಳಿಯುತ್ತವೆ, ಕತ್ತರಿ ಬೇಕಿಲ್ಲ. ಗಂಟು ಮಲಗಿದರೂ ಒಳಗೆ ಹೋಗದೆ, ಕೆಂಪಾಗಿ, ಮುಟ್ಟಲಾಗದಷ್ಟು ನೋವಾಗಿ, ವಾಂತಿ ಬಂದರೆ ಮಾತ್ರ ತಕ್ಷಣ ಹೊರಡಬೇಕು.

ಗಂಟು ಇಲ್ಲದೆ ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡದಿಂದ ತೊಡೆಸಂದಿನವರೆಗೆ ನೋವಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬಸುರಿಯಲ್ಲಿ ಇದು ಎಡಗಾಲಿಗೇ ಜಾಸ್ತಿ. ತಿಕ್ಕಬೇಡಿ, ಅವತ್ತೇ ತೋರಿಸಿ.

ನನಗೆ ನೋವು ಪಕ್ಕದಲ್ಲಲ್ಲ, ನಡುವೆ ಎಲುಬಿನ ಮೇಲೇ. ಲಂಗ ಹಾಕೋಕೆ ಒಂದು ಕಾಲು ಎತ್ತಿದ್ರೆ ಆಗಲ್ಲ.

ಅದು ಮುಂಭಾಗದ ಎಲುಬಿನ ಕೀಲಿನ ನೋವು. ಕಾಲು ಅಗಲಿಸಿದಾಗ, ಒಂದೇ ಕಾಲಿನ ಮೇಲೆ ನಿಂತಾಗ ಬರುತ್ತದೆ. ಕೂತೇ ಬಟ್ಟೆ ಹಾಕಿ, ಜೀಪಿನಿಂದ ಎರಡೂ ಮಂಡಿ ಜೋಡಿಸಿ ಇಳಿಯಿರಿ. ಫಿಸಿಯೋಥೆರಪಿಯವರು ಇದಕ್ಕೆ ನಿಜವಾಗಿ ಸಹಾಯ ಮಾಡಬಲ್ಲರು.

ಮೊದಲನೇದು ಸಿಸೇರಿಯನ್. ಈಗ ಎರಡನೇದು, ಹೊಲಿಗೆ ಹತ್ತಿರ ಚುಚ್ಚುತ್ತೆ. ನಾರಿನ ನೋವು ಅಂದ್ಕೊಳ್ಳಲಾ?

ಹಳೇ ಹೊಲಿಗೆ ಇರುವವರು ತಾವಾಗಿ ಹಾಗೆ ಅಂದುಕೊಳ್ಳಬಾರದು. ಐದನೇ ತಿಂಗಳಲ್ಲಿ ಏಳುವಾಗ ಪಕ್ಕದಲ್ಲಿ ಚಳಕ್ ಅಂದರೆ ನಾರೇ ಇರಬಹುದು, ಮುಂದಿನ ತಪಾಸಣೆಯಲ್ಲಿ ಹೇಳಿ. ಆದರೆ ಎಂಟು-ಒಂಬತ್ತನೇ ತಿಂಗಳಲ್ಲಿ ಹೊಲಿಗೆಯ ಮೇಲೇ ಬಿಡದ ನೋವು, ಮುಟ್ಟಿದರೆ ನೋವು ಇದ್ದರೆ ಗರ್ಭಕೋಶದ ಹಳೇ ಗಾಯ ಬಿಚ್ಚಿಕೊಳ್ಳುತ್ತಿರಬಹುದು. ಆಪರೇಶನ್ ಥಿಯೇಟರ್ ಇರುವ ಆಸ್ಪತ್ರೆಗೇ ನೇರ ಹೋಗಿ. ಸಣ್ಣ ಕೇಂದ್ರದಲ್ಲಿ ನಿಂತು ಹೊತ್ತು ಕಳೆಯಬೇಡಿ.

ಮುಂದಿನ ಬಸುರಿನಲ್ಲೂ ಬರುತ್ತಾ? ಹೆರಿಗೆ ಆದ್ಮೇಲೆ ಪೂರ್ತಿ ಹೋಗುತ್ತಾ?

ಹೆರಿಗೆಯಾದ ಮೇಲೆ ಎಳೆತವೇ ಇರುವುದಿಲ್ಲವಾದ್ದರಿಂದ ನೋವು ಹೋಗುತ್ತದೆ. ಆರು ವಾರ ಕಳೆದ ಮೇಲೂ ತೊಡೆಸಂದಿನಲ್ಲಿ ನೋವಿದ್ದರೆ ಕಾರಣ ಬೇರೆ, ತೋರಿಸಿ. ಮುಂದಿನ ಬಸುರಿನಲ್ಲಿ ಮತ್ತೆ ಬರಬಹುದು, ಕೆಲವರಿಗೆ ಸ್ವಲ್ಪ ಬೇಗ. ಅವಳಿ ಮಕ್ಕಳಿದ್ದರೆ ಹೊಟ್ಟೆ ಬೇಗ ದೊಡ್ಡದಾಗುತ್ತದೆ, ಹಾಗಾಗಿ ಎಳೆತವೂ ಬೇಗ ಶುರು. ಎರಡನೇ ಸಲದವರು "ಇದು ನನಗೆ ಗೊತ್ತಿರೋ ನೋವು" ಅಂತ ಫೋನ್ ಮಾಡುವುದೇ ಇಲ್ಲ. ಗೊತ್ತಿರುವ ನೋವೇ ಇರಲಿ, ಎದ್ದಾಗ ಒಮ್ಮೆ ಎಣಿಸಿ ನೋಡಿ, ಮಲಗಿ ಒಮ್ಮೆ ನೋಡಿ.